ಶರಾವತಿ ಸಿಹಿ, ಕಡಲು ಉಪ್ಪು: ಒಲೆಯ ಮೇಲಿಟ್ಟು ತಿಳಿಯುವುದು ಹೇಗೆ?

ಬೇಕಾದುದು ಎರಡು ಲೀಟರ್ ನೀರು. ಒಂದು ಶರಾವತಿಯದು, ಹೊಳೆಬಾಗಿಲಿನ ಹಿನ್ನೀರಿನಿಂದ ತಂದರಾಯಿತು. ಇನ್ನೊಂದು ಅದೇ ಹೊಳೆ ಹೋಗಿ ಸೇರುವ ಕಡಲಿನದು. ಆದರೆ ಹೊನ್ನಾವರದ ಸೇತುವೆಯ ಬಳಿ ಬಾಟಲಿ ತುಂಬಬೇಡಿ. ಅಲ್ಲಿ ಹೊಳೆಯ ನೀರೂ ಭರತದ ನೀರೂ ಬೆರೆತಿರುತ್ತವೆ. ಮೊದಲ ಸಲ ನಾನು ಅಲ್ಲಿಂದಲೇ ತಂದು, ಸಿಕ್ಕ ಉಪ್ಪು ಲೆಕ್ಕಕ್ಕೆ ಹೊಂದದೆ, ಮತ್ತೊಮ್ಮೆ ಘಟ್ಟ ಇಳಿದೆ. ಅಳಿವೆಯಿಂದ ಸಾಕಷ್ಟು ದೂರ ಹೋಗಿ, ಬೇಸಿಗೆಯಲ್ಲಿ ತುಂಬಿಕೊಳ್ಳಿ. ಮಳೆಗಾಲದಲ್ಲಿ ದಡದ ಮೇಲುನೀರಿನ ಉಪ್ಪು ಕಡಿಮೆಯಾಗಿರುತ್ತದೆ.

ಎರಡನ್ನೂ ದಪ್ಪ ಬಟ್ಟೆಯಲ್ಲಿ ಸೋಸಿ, ಬೇರೆ ಬೇರೆ ಹಳೆಯ ಸ್ಟೀಲ್ ಪಾತ್ರೆಗಳಲ್ಲಿ ಕುದಿಸಿ ಇಂಗಿಸಿ. ಒಳ್ಳೆಯ ಪಾತ್ರೆ ಬೇಡ, ಉಪ್ಪುನೀರು ಅದರ ತಳದಲ್ಲಿ ಚುಕ್ಕೆ ಬೀಳಿಸುತ್ತದೆ. ಕಡಲ ನೀರು ಗಂಜಿಯಂತಾದಾಗ ಉರಿ ತಗ್ಗಿಸಿ. ಇಲ್ಲದಿದ್ದರೆ ಉಪ್ಪು ಚಟಪಟ ಸಿಡಿದು ಕೈ ಸುಡುತ್ತದೆ, ತೂಕವೂ ತಪ್ಪುತ್ತದೆ. ಚೆನ್ನಾಗಿ ಒಣಗಿಸಿ ತೂಗಿದರೆ ಸುಮಾರು 35 ಗ್ರಾಂ ಬರಬೇಕು. ಹೆಚ್ಚು ಬಂದರೆ ಉಪ್ಪಿನಲ್ಲಿ ಇನ್ನೂ ತೇವ ಉಳಿದಿದೆ ಎಂದರ್ಥ.

ಹೊಳೆಯ ನೀರಿನ ಪಾತ್ರೆಯಲ್ಲಿ ಮಾಸಲು ಬಿಳಿಯ ಕಲೆಯೊಂದು ಉಳಿಯುತ್ತದೆ, ಅಷ್ಟೇ. ಅಡುಗೆಮನೆಯ ತಕ್ಕಡಿ ಅದನ್ನು ತೂಗಲಾರದು. ಆದರೂ ಈ ಕಲೆಯೇ ನಮಗೆ ಮುಖ್ಯ, ಏಕೆಂದರೆ ಹೊಳೆಯಲ್ಲಿಯೂ ಉಪ್ಪಿನ ಅಂಶವಿದೆ. ಲೋಕದ ನದಿಗಳ ಸರಾಸರಿ ಲೀಟರಿಗೆ 0.1 ಗ್ರಾಂನ ಆಸುಪಾಸು. ನಾಲಿಗೆ ಉಪ್ಪನ್ನು ಗುರುತಿಸಲು ಅದರ ಐದಾರು ಪಟ್ಟಾದರೂ ಬೇಕು. ಅದೇ ಪಾತ್ರೆಗೆ ಇನ್ನೂ ನಾಲ್ಕು ಲೀಟರ್ ಹೊಳೆಯ ನೀರನ್ನು ಸ್ವಲ್ಪಸ್ವಲ್ಪವಾಗಿ ಹಾಕಿ ಇಂಗಿಸಿದರೆ ಕಲೆ ದಪ್ಪವಾಗುತ್ತದೆ. ಅದರ ಮೇಲೆ ನಿಂಬೆರಸ ಹಿಂಡಿ, ಪಾತ್ರೆಯನ್ನು ಬೆಳಕಿಗೆ ಹಿಡಿದು ನೋಡಿ. ಸಣ್ಣ ಗುಳ್ಳೆಗಳು ಎದ್ದರೆ ಅದು ಸುಣ್ಣದ ಅಂಶ.

ಅದು ಎಲ್ಲಿಂದ ಬಂತು? ಮಳೆಹನಿ ಬೀಳುವಾಗ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ತುಸು ಆಮ್ಲವಾಗುತ್ತದೆ, ಮಣ್ಣಿನೊಳಗೆ ಇಳಿದು ಇನ್ನಷ್ಟು ಆಮ್ಲವಾಗುತ್ತದೆ. ಆ ನೀರು ಬಂಡೆಯೊಳಗಿನ ಸೋಡಿಯಂ, ಕ್ಯಾಲ್ಸಿಯಂಗಳನ್ನು ಕರಗಿಸಿ ಹೊಳೆಗೆ ಕೊಡುತ್ತದೆ. ಮಲೆನಾಡಿನವರಿಗೆ ಇದರ ಸಾಕ್ಷಿ ಮನೆಯ ಗೋಡೆಯಲ್ಲೇ ಇದೆ. ಲಕ್ಷಾಂತರ ವರ್ಷಗಳ ಮಳೆ ಕರಗುವುದನ್ನೆಲ್ಲ ತೊಳೆದೊಯ್ದ ಮೇಲೆ, ಕರಗದ ಕಬ್ಬಿಣ ಮತ್ತು ಅಲ್ಯೂಮಿನಿಯಂ ಉಳಿದು ಗಟ್ಟಿಯಾದದ್ದೇ ಕೆಂಪು ಜಂಬಿಟ್ಟಿಗೆ. ಅಡಿಕೆ ತೋಟದ ಹುಳಿಮಣ್ಣಿಗೆ ನಾವು ಸುಣ್ಣ ಹಾಕುವುದೂ ಮಳೆ ಒಯ್ದದ್ದನ್ನು ತುಂಬಿಕೊಡುವುದಕ್ಕೇ.

ಆದರೆ ಕಡಲಿನ ಉಪ್ಪಿನ ಅರ್ಧಕ್ಕಿಂತ ಹೆಚ್ಚು ಭಾಗ ಕ್ಲೋರೈಡ್. ಬಂಡೆಗಳಲ್ಲಿ ಅದು ಅಷ್ಟಿಲ್ಲ. ಭೂಮಿಯ ಒಡಲಿನಿಂದ ಜ್ವಾಲಾಮುಖಿಗಳು ಉಗುಳಿದ ಅನಿಲಗಳೊಂದಿಗೆ ಅದು ಬಹು ಹಿಂದೆಯೇ ಕಡಲು ಸೇರಿತು. ಎಲ್ಲವನ್ನೂ ನದಿಯೇ ತಂದಿತು ಎನ್ನುವ ಪಾಠ ಇಲ್ಲಿ ಅರ್ಧ ಮಾತ್ರ ಸರಿ.

ಹಾಗಾದರೆ 1964ರಿಂದ ಲಿಂಗನಮಕ್ಕಿಯಲ್ಲಿ ನೀರು ನಿಂತಿದೆಯಲ್ಲ, ಅದೇಕೆ ಉಪ್ಪಾಗಲಿಲ್ಲ? ವಿದ್ಯುತ್ತಿಗೆಂದು ಬಿಡುವ ನೀರು ತನ್ನಲ್ಲಿ ಕರಗಿದ್ದನ್ನೂ ಜೊತೆಗೇ ಒಯ್ಯುತ್ತದೆ, ಪ್ರತಿ ಮುಂಗಾರಿಗೆ ಹೊಸ ನೀರು ಬರುತ್ತದೆ. ಕಡಲಿನಿಂದ ನೀರು ಹೊರಡುವುದು ಬಿಸಿಲಿಗೆ ಆವಿಯಾಗಿ ಮಾತ್ರ, ಆವಿ ಉಪ್ಪನ್ನು ಒಯ್ಯುವುದಿಲ್ಲ. ಹೊರದಾರಿಯಿಲ್ಲದ ರಾಜಸ್ಥಾನದ ಸಾಂಭರ್ ಸರೋವರ ಉಪ್ಪಾದದ್ದೂ ಹೀಗೆಯೇ. ಗೋಕರ್ಣದ ಬಳಿಯ ಸಾಣಿಕಟ್ಟೆಯ ಉಪ್ಪಿನ ಗದ್ದೆಗಳಲ್ಲಿ ಜನರು ಬಿಸಿಲಿನಿಂದ ಮಾಡಿಸುವುದೂ ಇದೇ ಕೆಲಸವನ್ನು.

ಈಗ ಒಂದು ಲೆಕ್ಕ. ಬರಿದಾದ ಕಡಲನ್ನು ಲೋಕದ ನದಿಗಳೆಲ್ಲ ಸೇರಿ ತುಂಬಲು ಸುಮಾರು 35 ಸಾವಿರ ವರ್ಷ ಬೇಕು. ಕಡಲ ನೀರಿನಲ್ಲಿ ನದಿ ನೀರಿಗಿಂತ 350 ಪಟ್ಟು ಉಪ್ಪಿದೆ. ಎರಡನ್ನೂ ಗುಣಿಸಿದರೆ, ನದಿಗಳು ಅಷ್ಟು ಉಪ್ಪನ್ನು ತಂದು ಸೇರಿಸಲು ಬೇಕಾಗುವುದು ಸುಮಾರು 1.2 ಕೋಟಿ ವರ್ಷ. ಕಡಲಿನ ವಯಸ್ಸಾದರೋ ನೂರಾರು ಕೋಟಿ ವರ್ಷ! 1899ರಲ್ಲಿ ಐರ್ಲೆಂಡಿನ ಜಾನ್ ಜೋಲಿ ಸೋಡಿಯಂ ಒಂದನ್ನೇ ಹಿಡಿದು ಇಂಥದೇ ಲೆಕ್ಕ ಹಾಕಿ, ಭೂಮಿಗೆ 8ರಿಂದ 9 ಕೋಟಿ ವರ್ಷ ಎಂದರು. ತಪ್ಪಿದ್ದು ಗುಣಾಕಾರದಲ್ಲಲ್ಲ, ಬಂದ ಉಪ್ಪು ಕಡಲಿನಲ್ಲೇ ಉಳಿಯುತ್ತದೆ ಎಂದುಕೊಂಡದ್ದರಲ್ಲಿ.

ಉಪ್ಪಿನ ಅಂಶಗಳು ಕಡಲಿನಿಂದಲೂ ಹೊರಬೀಳುತ್ತವೆ. ಸೋಡಿಯಂ ಕೋಟಿಗಟ್ಟಲೆ ವರ್ಷ ನೀರಿನಲ್ಲಿದ್ದು ಕೊನೆಗೆ ತಳದ ಕೆಸರು, ಬಂಡೆಗಳನ್ನು ಸೇರುತ್ತದೆ. ಕ್ಯಾಲ್ಸಿಯಂ ಅಷ್ಟು ಕಾಲ ನಿಲ್ಲುವುದಿಲ್ಲ. ಚಿಪ್ಪಿನ ಜೀವಿಗಳು, ಹವಳಗಳು ಅದನ್ನು ಹೀರಿ ಮೈಕವಚ ಕಟ್ಟಿಕೊಳ್ಳುತ್ತವೆ. ನದಿಯಲ್ಲಿ ಸುಣ್ಣದ ಅಂಶವೇ ಮುಂದಿದ್ದರೂ ಕಡಲಿನಲ್ಲಿ ಅಡುಗೆ ಉಪ್ಪೇ ಮೇಲುಗೈಯಾಗಲು ಇದೇ ಕಾರಣ. ಆ ಚಿಪ್ಪುಗಳನ್ನು ಕರಾವಳಿಯಲ್ಲಿ ಆರಿಸಿ ಸುಟ್ಟು ಸುಣ್ಣ ಮಾಡುತ್ತಾರೆ. ಘಟ್ಟದ ಮಳೆ ಒಯ್ದದ್ದರಲ್ಲಿ ಒಂದಿಷ್ಟು ಹಾಗೆ ಮತ್ತೆ ನಮ್ಮ ವೀಳ್ಯದೆಲೆಯ ಮೇಲಕ್ಕೆ ಬರುತ್ತದೆ.