ಪಂಪ್ ಬಿಚ್ಚುವ ಮೊದಲು ಬರಹದಲ್ಲಿ ಒಪ್ಪಿಗೆ: ತೋಟದ ಕೆಲಸಕ್ಕೆ ನಾನು ಪಿಒ, ಅಂದರೆ ಖರೀದಿ ಆದೇಶ, ಕೇಳುವ ರೀತಿ

ಗೋಣಿಕೊಪ್ಪದಲ್ಲಿ ನನ್ನದೊಂದು ಪಂಪ್‌ಸೆಟ್ ರಿಪೇರಿ ವರ್ಕ್‌ಶಾಪ್ ಇದೆ. ಕೆಲಸವೆಲ್ಲ ಹೆಚ್ಚಾಗಿ ಕಾಫಿ ತೋಟಗಳದ್ದೇ. ರೊಬಸ್ಟಾ ಕೊಯ್ಲು ಮುಗಿಯುತ್ತ ಬಂದಂತೆ, ಫೆಬ್ರವರಿ ಹೊತ್ತಿಗೆ, ಎಲ್ಲ ತೋಟಗಳಿಗೂ ಒಟ್ಟಿಗೆ ಸ್ಪ್ರಿಂಕ್ಲರ್ ನೆನಪಾಗುತ್ತದೆ. ಹೂಮಳೆ ಆಕಾಶದಿಂದ ಬರದಿದ್ದರೆ ಕೆರೆಯ ನೀರನ್ನೇ ಹಾರಿಸಿ ಹೂ ಬಿಡಿಸಬೇಕು, ಆಮೇಲೆ ಎರಡು ಮೂರು ವಾರದಲ್ಲಿ ಕಾಯಿ ಕಟ್ಟಲು ಬ್ಯಾಕಿಂಗ್ ನೀರೂ ಕೊಡಬೇಕು. ಹಾಗಾಗಿ ನನಗೆ ಬರುವ ಫೋನುಗಳಲ್ಲಿ ಮೊದಲ ಮಾತು ಯಾವಾಗಲೂ ಒಂದೇ: "ನೀವು ಕೆಲಸ ಶುರು ಮಾಡಿ, ಕಾಗದ ಆಮೇಲೆ ನೋಡುವ."

ಪಂಪ್ ರಿಪೇರಿಯ ಮೂಲ ತೊಡಕೆಂದರೆ, ಬಿಚ್ಚುವ ತನಕ ಖರ್ಚೆಷ್ಟು ಅಂತ ಯಾರಿಗೂ ಗೊತ್ತಾಗುವುದಿಲ್ಲ. ಬಿಚ್ಚಿದ ಮೇಲೆ ಪಂಪ್ ನನ್ನ ಬೆಂಚಿನ ಮೇಲೆ, ತೋಟ ನೀರಿಲ್ಲದೆ. ಆಗ ದರದ ಮಾತು ಎತ್ತಿದರೆ ಇಬ್ಬರಿಗೂ ಕಷ್ಟ. ತೋಟದವರಿಗೆ ತಮ್ಮನ್ನು ಸಿಕ್ಕಿಸಿ ಹಾಕಿದ ಹಾಗೆ ಅನಿಸುತ್ತದೆ, ನನಗೆ ದುಡಿದದ್ದಕ್ಕೆ ಕಾಸು ಕೇಳುವುದೇ ಸಂಕೋಚವಾಗುತ್ತದೆ. ಅದಕ್ಕೆ ಒಂದೇ ಸಲ ಎಲ್ಲದಕ್ಕೂ ಒಪ್ಪಿಗೆ ಕೇಳುವ ಬದಲು ಹಂತಹಂತವಾಗಿ ಕೇಳುತ್ತೇನೆ: ಬಿಚ್ಚಿ ನೋಡುವುದಕ್ಕೆ ಒಂದು, ರಿಪೇರಿಗೆ ಒಂದು, ನಡುವೆ ಹೊಸದೇನಾದರೂ ಕಂಡರೆ ಅದಕ್ಕೆ ಮತ್ತೊಂದು.

ಸಿದ್ದಾಪುರದ ಕಡೆಯ ಒಂದು ಕಂಪನಿ ತೋಟದ ಕೆಲಸವನ್ನೇ ಹೇಳುತ್ತೇನೆ. 20 ಎಚ್‌ಪಿ ಪಂಪ್. ಗೇಜಿನಲ್ಲಿ ಪ್ರೆಶರ್ ಬಿದ್ದಿತ್ತು, ಲೈನಿನ ಕೊನೆಯ ಸ್ಪ್ರಿಂಕ್ಲರ್‌ಗಳು ತಿರುಗುತ್ತಲೇ ಇರಲಿಲ್ಲ. ಮ್ಯಾನೇಜರ್ ಫೋನು ಮಾಡಿ ಇವತ್ತೇ ಬಿಚ್ಚಿ ಅಂದರು. ನಾನು ಹೊರಡುವ ಮೊದಲು ಅವರಿಗೆ ವಾಟ್ಸ್ಆ್ಯಪ್‌ನಲ್ಲಿ ಹೀಗೆ ಬರೆದೆ:

"ಸಾರ್, ಕೆರೆ ಹತ್ತಿರದ 20 ಎಚ್‌ಪಿ ಪಂಪ್ ಬಿಚ್ಚಿ ಪರೀಕ್ಷೆ ಮಾಡಿ, ಏನೇನು ಹೋಗಿದೆ ಅಂತ ಪಟ್ಟಿ ಕೊಡಲು ರೂ. 4,500, ಜಿಎಸ್‌ಟಿ ಬೇರೆ. ರಿಪೇರಿ ನಮಗೇ ಕೊಟ್ಟರೆ ಈ ಮೊತ್ತವನ್ನು ರಿಪೇರಿ ಬಿಲ್ಲಿನಲ್ಲಿ ಕಳೆಯುತ್ತೇನೆ. ಬೇಡವೆಂದರೆ ಇದ್ದ ಹಾಗೇ ಜೋಡಿಸಿ ಕೊಡುತ್ತೇನೆ. ಒಪ್ಪಿಗೆ ಇದ್ದರೆ ಇದಕ್ಕೆ ಉತ್ತರ ಬರೆಯಿರಿ, ಹೊರಡುತ್ತೇನೆ."

"ಒಪ್ಪಿಗೆ, ಬನ್ನಿ" ಅಂತ ಉತ್ತರ ಬಂತು. ಈ ಸಣ್ಣ ಒಪ್ಪಿಗೆ ಸಿಗುವುದು ಸುಲಭ, ಯಾಕೆಂದರೆ ಮೊತ್ತ ಸಣ್ಣದು, ಸಾಮಾನ್ಯವಾಗಿ ಮ್ಯಾನೇಜರ್ ಕೈಯಲ್ಲೇ ಇರುತ್ತದೆ. ಬೇಡವೆಂದರೆ ಜೋಡಿಸಿ ಕೊಡುತ್ತೇನೆ ಅನ್ನುವ ಸಾಲನ್ನು ನಾನು ಎಂದೂ ಬಿಡುವುದಿಲ್ಲ. ಪಂಪ್ ಒತ್ತೆ ಇಟ್ಟುಕೊಳ್ಳುವವನಲ್ಲ ಅಂತ ಅದು ಮೊದಲೇ ತಿಳಿಸುತ್ತದೆ.

ಬಿಚ್ಚಿದಾಗ ಇಂಪೆಲ್ಲರ್ ಸವೆದು ಹೋಗಿತ್ತು, ವೇರ್ ರಿಂಗ್‌ಗಳೂ ಹಾಗೇ. ಕೆರೆಯ ಹೂಳು ಮರಳಿನ ನೀರಿಗೆ ಅದು ಸಹಜ. ಪಟ್ಟಿ ಮಾಡಿ ಕೊಟೇಶನ್ ಬರೆದೆ: ಇಂಪೆಲ್ಲರ್ 13,500, ಎರಡು ವೇರ್ ರಿಂಗ್ 3,200, ಶಾಫ್ಟ್ ಸ್ಲೀವ್ 2,400, ಎರಡು ಬೇರಿಂಗ್ 3,600, ಮೆಕ್ಯಾನಿಕಲ್ ಸೀಲ್ 4,300, ಜೋಡಣೆ ಮತ್ತು ಅಲೈನ್‌ಮೆಂಟ್ ಕೂಲಿ 11,000. ಒಟ್ಟು 38,000. ಅದರ ಮೇಲೆ ಶೇ. 18 ಜಿಎಸ್‌ಟಿ 6,840 ಸೇರಿ 44,840. ದರಗಳ ಕೆಳಗೆ ನಾಲ್ಕು ವಿಷಯ ಬರೆದೆ. ಈ ದರ 15 ದಿನ ಮಾತ್ರ. ಹಣ ಕೊಡುವ ಅವಧಿ 30 ದಿನ. ಮೋಟಾರ್ ವೈಂಡಿಂಗ್, ಪೈಪ್‌ಲೈನ್, ಫುಟ್‌ವಾಲ್ವ್ ಇದರಲ್ಲಿ ಸೇರಿಲ್ಲ. ಸ್ಲೀವ್ ಎಳೆದ ಮೇಲಷ್ಟೇ ಶಾಫ್ಟಿನ ಸ್ಥಿತಿ ಗೊತ್ತಾಗುವುದು, ಅದು ಕೆಟ್ಟಿದ್ದರೆ ಬೇರೆ ಒಪ್ಪಿಗೆ ಪಡೆದೇ ಮುಂದುವರಿಯುತ್ತೇನೆ.

ಕೊಟೇಶನ್ ಕೊಡುವಾಗಲೇ ಮ್ಯಾನೇಜರ್ ಹತ್ತಿರ ಒಂದು ಪ್ರಶ್ನೆ ಕೇಳಿದೆ: "ಸಾರ್, ಇಷ್ಟು ಮೊತ್ತಕ್ಕೆ ಸಹಿ ನಿಮ್ಮದೇ ಸಾಕಾ, ಬೆಂಗಳೂರಿಗೆ ಹೋಗಬೇಕಾ?" ಕಂಪನಿ ತೋಟಗಳಲ್ಲಿ ಮ್ಯಾನೇಜರ್ ಎಷ್ಟು ಖರ್ಚಿಗೆ ಒಪ್ಪಬಹುದು ಅನ್ನುವುದಕ್ಕೆ ಮಿತಿ ಇರುತ್ತದೆ. ಅದರಾಚೆಗೆ ಅವರು ಬಾಯಲ್ಲಿ ಹೇಳಿದ ಹೂಂ ಅವರ ಹೆಡ್ ಆಫೀಸಿನ ಅಕೌಂಟ್ಸಿಗೆ ಲೆಕ್ಕಕ್ಕಿಲ್ಲ. ಅವರ ಮನಸ್ಸು ಒಳ್ಳೆಯದೇ ಇರಬಹುದು, ಬಿಲ್ ಪಾಸು ಮಾಡುವವರು ಬೇರೆ. ಇಲ್ಲಿ ಒಪ್ಪಿಗೆ ಬೆಂಗಳೂರಿನ ಹೆಡ್ ಆಫೀಸಿಂದಲೇ ಬರಬೇಕು ಅಂದರು. ಹಾಗಾದರೆ ಇವತ್ತೇ ಕಳಿಸಿಬಿಡಿ, ನೀವು ಬರೆಯುವ ಇಮೇಲಿಗೆ ಬೇಕಾದ ಫೋಟೊ ಎಲ್ಲ ನಾನು ಕೊಡುತ್ತೇನೆ ಅಂತ ಸವೆದ ಇಂಪೆಲ್ಲರಿನ ಫೋಟೊ, ಪಟ್ಟಿ, ನನ್ನ ಜಿಎಸ್‌ಟಿ ಮತ್ತು ಉದ್ಯಮ್ ನೋಂದಣಿ ಸಂಖ್ಯೆ ಎಲ್ಲ ಒಟ್ಟಿಗೆ ಕೊಟ್ಟೆ. ಪಿಒ ಬೇಗ ಬರಬೇಕಾದರೆ ಕೇಳುವವರ ಕೆಲಸ ಹಗುರ ಮಾಡಿಕೊಡಬೇಕು. ಬರೇ "ಪಿಒ ಕೊಡಿ" ಅಂದರೆ ಅದು ತೋಟದ ಲೆಕ್ಕ ಬರೆಯುವ ರೈಟರ್ ಮೇಜಿನ ಮೇಲೇ ಕೂರುತ್ತದೆ.

ಪಿಒ ಬಂತು. ಬಂದ ಕೂಡಲೇ ಕೆಲಸ ಶುರು ಮಾಡುವವರು ಬಹಳ ಮಂದಿ, ನಾನು ಮೊದಲು ಕೊಟೇಶನ್ ಪಕ್ಕದಲ್ಲಿಟ್ಟು ಸಾಲುಸಾಲಾಗಿ ಓದುತ್ತೇನೆ. ಇದರಲ್ಲಿ ಎರಡು ವ್ಯತ್ಯಾಸ ಇತ್ತು. ಮೊತ್ತದ ಎದುರು "ರೂ. 38,000, ಎಲ್ಲ ತೆರಿಗೆ ಸೇರಿ" ಅಂತ ಇತ್ತು. ನೋಡಲು ಅದೇ 38,000. ಆದರೆ ತೆರಿಗೆ ಒಳಗೇ ಅಂದರೆ 38,000ವನ್ನು 1.18ರಿಂದ ಭಾಗಿಸಬೇಕು, ನನ್ನ ಕೈಗೆ ಉಳಿಯುವುದು 32,203. ಸುಮಾರು 5,800 ರೂಪಾಯಿ, ಅಂದರೆ ನನ್ನ ಕೂಲಿಯ ಅರ್ಧಕ್ಕೂ ಹೆಚ್ಚು, ಒಂದೇ ಸಾಲಿನಲ್ಲಿ ಹೋಗುತ್ತಿತ್ತು. ಇನ್ನೊಂದು, ಹಣ ಕೊಡುವ ಅವಧಿ 60 ದಿನ ಅಂತ ಇತ್ತು, ನಾನು ಬರೆದದ್ದು 30.

ಅವಧಿಯ ವಿಷಯದಲ್ಲಿ ಕಾನೂನಿನ ಆಸರೆ ಇದೆ. ಉದ್ಯಮ್ ನೋಂದಣಿ ಇರುವ ಕಿರು ಮತ್ತು ಸಣ್ಣ ಉದ್ಯಮಗಳಿಗೆ 2006ರ ಎಂಎಸ್‌ಎಂಇಡಿ ಕಾಯ್ದೆಯ ಪ್ರಕಾರ, ಬರಹದ ಒಪ್ಪಂದ ಇದ್ದರೂ ಕೆಲಸ ಸ್ವೀಕರಿಸಿದ ಮೇಲೆ 45 ದಿನ ಮೀರುವಂತಿಲ್ಲ. ಅವಧಿ ಬರಹದಲ್ಲಿ ಇಲ್ಲದಿದ್ದರೆ 15 ದಿನ. ಆದರೆ ಕಾಯ್ದೆಯ ಮಾತನ್ನು ನಾನು ಮೊದಲ ಪತ್ರದಲ್ಲೇ ಎತ್ತಿ ಆಡುವುದಿಲ್ಲ. ಹೀಗೆ ಬರೆದೆ: "ನಮ್ಮ ಕೊಟೇಶನ್‌ನಲ್ಲಿ 38,000ಕ್ಕೆ ಜಿಎಸ್‌ಟಿ ಬೇರೆ ಇದೆ, ಪಿಒದಲ್ಲಿ ಸೇರಿ ಅಂತಿದೆ. ಪಾವತಿ ಅವಧಿಯೂ 30ರ ಬದಲು 60 ಆಗಿದೆ. ನಮ್ಮದು ಉದ್ಯಮ್ ನೋಂದಾಯಿತ ಘಟಕ. ಎರಡನ್ನೂ ಸರಿಪಡಿಸಿ ತಿದ್ದುಪಡಿ ಪಿಒ ಕಳಿಸಿದರೆ ಅಂದೇ ಬಿಡಿಭಾಗ ತರಿಸುತ್ತೇನೆ." ತೆರಿಗೆ ಸಾಲು ಸರಿಯಾಯಿತು, ಅವಧಿ 45ಕ್ಕೆ ನಿಂತಿತು. ಒಪ್ಪಿಕೊಂಡೆ.

ತಿದ್ದುಪಡಿಯನ್ನು ಫೋನಿನಲ್ಲಿ ಒಪ್ಪಿಸಿ ಸುಮ್ಮನಾಗಬಾರದು. ಬಿಲ್ ಹೋದಾಗ ಅಕೌಂಟ್ಸಿನವರು ನೋಡುವುದು ಪಿಒ ಹಾಳೆಯನ್ನೇ. ಅದಕ್ಕೂ ಬಿಲ್ಲಿಗೂ ಹೊಂದದಿದ್ದರೆ ಬಿಲ್ ವಾಪಸ್ಸು ಬರುತ್ತದೆ, ಅಷ್ಟರಲ್ಲಿ ಫೋನಿನಲ್ಲಿ ಒಪ್ಪಿದವರು ಬೇರೆ ತೋಟಕ್ಕೆ ವರ್ಗವಾಗಿರುತ್ತಾರೆ.

ಕೆಲಸ ಶುರುವಾಯಿತು. ಹಳೆ ಸ್ಲೀವ್ ಎಳೆದು ಶಾಫ್ಟಿಗೆ ಡಯಲ್ ಗೇಜ್ ಹಿಡಿದು ತಿರುಗಿಸಿದರೆ ಮುಳ್ಳು 0.18 ಮಿ.ಮೀ. ಆಡುತ್ತಿತ್ತು. ಇಂಥ ಪಂಪಿನಲ್ಲಿ 0.05 ಮೀರಿದರೆ ನಾನು ಒಪ್ಪುವುದಿಲ್ಲ. ಬಾಗಿದ ಶಾಫ್ಟಿಗೆ ಹೊಸ ಸೀಲ್ ಹಾಕಿದರೆ ಸ್ವಲ್ಪ ದಿನಕ್ಕೇ ಸೋರುತ್ತದೆ, ಬೇರಿಂಗೂ ಹೋಗುತ್ತದೆ, ಆಮೇಲೆ ಕೆಡುವ ಹೆಸರು ನನ್ನದು. ಅಲ್ಲಿಗೇ ಕೈ ನಿಲ್ಲಿಸಿದೆ. ಗೇಜಿನ ಮುಳ್ಳು ಆಡುವ ವಿಡಿಯೊ ಕಳಿಸಿ ಬರೆದೆ: ಹೊಸ ಶಾಫ್ಟ್ 9,000, ಜಿಎಸ್‌ಟಿ 1,620, ಹೆಚ್ಚುವರಿ ಕೂಲಿ ಇಲ್ಲ, ಹಾಕದಿದ್ದರೆ ಸೀಲ್ ಮತ್ತು ಬೇರಿಂಗಿಗೆ ನಾನು ಗ್ಯಾರಂಟಿ ಕೊಡಲಾರೆ, ಯಾವುದಾದರೂ ಸರಿ, ಇಮೇಲಿನಲ್ಲಿ ತಿಳಿಸಿ. ಮ್ಯಾನೇಜರ್ ಫೋನು ಮಾಡಿ "ಹಾಕಿಬಿಡಿ ಮಾರಾಯ್ರೆ, ನಾನಿದ್ದೇನಲ್ಲ" ಅಂದರು. "ಸಾರ್, ನಿಮ್ಮ ಮಾತಿನ ಮೇಲೆ ನನಗೆ ನಂಬಿಕೆ ಇದೆ. ಅದೇ ಮಾತನ್ನು ಬೆಂಗಳೂರಿಗೂ ಕಾಪಿ ಹಾಕಿ ಎರಡು ಸಾಲು ಬರೆದುಬಿಡಿ, ನಾಳೆ ನಿಮ್ಮನ್ನು ಯಾರೂ ಕೇಳುವ ಹಾಗೆ ಆಗಬಾರದು" ಅಂದೆ. ಅವರ ರಕ್ಷಣೆಗೂ ಅದು ಬೇಕು ಅನ್ನುವುದು ನಿಜವೇ, ಅದನ್ನೇ ಹೇಳಿದ್ದು. ಇಮೇಲ್ ಬಂತು, ಪಿಒ ಮೊತ್ತ 47,000 ಮತ್ತು ತೆರಿಗೆ ಅಂತ ಬದಲಾಯಿತು. ಕಾಯುವ ಹೊತ್ತಿನಲ್ಲಿ ಕಪ್ಲಿಂಗ್, ಕೇಸಿಂಗ್ ಸ್ವಚ್ಛ ಮಾಡುವಂಥ ಮೊದಲೇ ಒಪ್ಪಿದ ಕೆಲಸ ನಡೆಯುತ್ತಲೇ ಇತ್ತು.

ಕಂಪನಿಯಲ್ಲದ ತೋಟಗಳ ಕತೆ ಬೇರೆ. ಅಲ್ಲಿ ಪಿಒ ಅನ್ನುವ ಪದವೇ ಇರುವುದಿಲ್ಲ. ಹಿರಿಯ ಪ್ಲಾಂಟರ್ ಒಬ್ಬರು, ನನ್ನ ತಂದೆಯ ಕಾಲದಿಂದಲೂ ಗಿರಾಕಿ, ಬೇಸರದಿಂದಲೇ ಕೇಳಿದ್ದರು: "ನನ್ನ ಮಾತು ಸಾಲದಾ ನಿನಗೆ?" ನಾನು ಹೇಳಿದೆ, "ಮಾತು ಸಾಲದೆ ಅಲ್ಲ ಮಾಮಾ. ನಾಳೆ ನಾನೇ ದರ ಏರಿಸಿದರೆ ನೀವು ಹಿಡಿದು ಕೇಳಲು ಒಂದು ಕಾಗದ ಬೇಡವಾ?" ಅವರಿಗೆ ಹಾಳೆಯಲ್ಲಿ ಕೈಬರಹದ ಅಂದಾಜು ಕೊಟ್ಟು, ಕೆಳಗೆ ಸಹಿ ತೆಗೆದುಕೊಂಡು, ಒಂದು ಪ್ರತಿ ಅಲ್ಲೇ ಬಿಟ್ಟು ಬಂದೆ. ಬಾಯಿ ಮಾತಿನ ಒಪ್ಪಂದವೂ ಕಾನೂನಿನಲ್ಲಿ ಒಪ್ಪಂದವೇ. ಆದರೆ ಎಷ್ಟಕ್ಕೆ, ಯಾವ ಕೆಲಸಕ್ಕೆ ಅಂತ ಆಮೇಲೆ ಸಾಬೀತು ಮಾಡುವುದೇ ಕಷ್ಟ.

ಕೊಡಗಿನಲ್ಲಿ ಇನ್ನೊಂದು ವಿಷಯ ಗಮನಿಸಲೇಬೇಕು. ಒಕ್ಕದ, ಅಂದರೆ ಕೊಡವ ಮನೆತನದ, ಜಾಗದಲ್ಲಿ, ಅಥವಾ ಅಣ್ಣತಮ್ಮಂದಿರು ಪಾಲಾಗದೆ ನೋಡಿಕೊಳ್ಳುವ ತೋಟದಲ್ಲಿ, ಕೆರೆಯೂ ಪಂಪೂ ಎಲ್ಲರದ್ದು. ಕರೆಯುವವರು ತೋಟದಲ್ಲಿರುವ ತಮ್ಮ, ದುಡ್ಡು ಹಾಕುವವರು ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಇರುವ ಅಣ್ಣ. ಅಲ್ಲಿ ನಾನು ಕೇಳುವುದು "ಬಿಲ್ ಯಾರ ಹೆಸರಿಗೆ ಬರೆಯಲಿ?" ಅಂತ. ಯಾರ ಹೆಸರು ಹೇಳುತ್ತಾರೋ ಅವರಿಗೇ ಅಂದಾಜಿನ ಸಂದೇಶ ಹೋಗುತ್ತದೆ, ಉತ್ತರವೂ ಅವರ ನಂಬರಿನಿಂದಲೇ ಬರಬೇಕು. ಇಬ್ಬರೂ ಅರ್ಧರ್ಧ ಅಂದರೆ ಇಬ್ಬರ ಒಪ್ಪಿಗೆಯೂ ಬೇಕು. ಕುಟುಂಬದ ಒಳಗಿನ ಲೆಕ್ಕ ನನ್ನ ಪಂಪಿನ ಮೇಲೆ ಬಂದು ಕೂರಬಾರದು.

ಇನ್ನು ಅರ್ಧ ಬ್ಲಾಕಿಗೆ ನೀರು ಹಾರಿದ ಹೊತ್ತಿನಲ್ಲಿ ಪಂಪ್ ನಿಂತರೆ? ಅರ್ಧ ತೋಟ ಹೂ ಬಿಟ್ಟು ಅರ್ಧ ಬಿಡದಿದ್ದರೆ ನಷ್ಟ ದೊಡ್ಡದು, ಆಗ ಕೊಟೇಶನ್, ಪಿಒ ಅಂತ ಕಾಯಿಸಲಾಗುವುದಿಲ್ಲ. ಅಂಥ ರಾತ್ರಿಗಳಿಗೆ ಮಿತಿ ಹಾಕಿದ ಒಪ್ಪಿಗೆ ಕೇಳುತ್ತೇನೆ: "ಪಂಪ್ ಓಡಿಸಲು ಬೇಕಾದಷ್ಟು ಮಾತ್ರ ಮಾಡುತ್ತೇನೆ, ಹೆಚ್ಚೆಂದರೆ ರೂ. 10,000, ತೆರಿಗೆ ಬೇರೆ. ಅದನ್ನು ಮೀರುವ ಮೊದಲು ನಿಲ್ಲಿಸಿ ಕೇಳುತ್ತೇನೆ." ಕೆಲವು ತೋಟಗಳಲ್ಲಿ ನೆಟ್‌ವರ್ಕ್ ಇರುವುದಿಲ್ಲ, ಅದಕ್ಕೆ ಗೇಟಿನ ಹತ್ತಿರವೇ, ಸಿಗ್ನಲ್ ಇರುವಲ್ಲೇ, ಉತ್ತರ ಪಡೆದು ಒಳಗೆ ಹೋಗುತ್ತೇನೆ. ಅದೂ ಆಗದಿದ್ದರೆ ಜಾಬ್ ಕಾರ್ಡಿನಲ್ಲಿ ಅದೇ ಸಾಲು ಬರೆದು, ಅಲ್ಲಿರುವ ರೈಟರ್ ಅಥವಾ ಮಾಲೀಕರ ಸಹಿ ಮತ್ತು ಸಮಯ ಹಾಕಿಸುತ್ತೇನೆ. ಕಂಪನಿ ತೋಟದ ರೈಟರ್ ಸಹಿಗೆ ಬಲ ಕಡಿಮೆ, ನಾನು ಬಂದದ್ದಕ್ಕೂ ಮಾಡಿದ್ದಕ್ಕೂ ಅದು ಸಾಕ್ಷಿ, ಖರ್ಚಿನ ಒಪ್ಪಿಗೆ ಅಲ್ಲ. ಆದ್ದರಿಂದ ಬೆಳಗ್ಗೆ ಆಫೀಸು ತೆರೆದ ಕೂಡಲೇ ಆ ಕಾರ್ಡಿನ ಫೋಟೊ ಮ್ಯಾನೇಜರಿಗೆ ಹೋಗುತ್ತದೆ, ಈ ಮೊತ್ತಕ್ಕೆ ಪಿಒ ಬೇಕು ಅನ್ನುವ ಸಾಲಿನ ಜೊತೆ. ಆ ಪಿಒ ಬರುವ ತನಕ ಅದೇ ತೋಟದ ಮುಂದಿನ ಕೆಲಸಕ್ಕೆ ಸ್ಪಾನರ್ ಎತ್ತುವುದಿಲ್ಲ ಅಂತ ನನ್ನ ಹುಡುಗರಿಗೂ ಹೇಳಿಟ್ಟಿದ್ದೇನೆ.