ಪೆನ್ಸಿಲ್ ಗೆರೆ ಹೊಡೆದ ಮೇಲೆ ಉಳಿದದ್ದು

ನಿವೃತ್ತಿಯಾದ ಮೇಲೆ ಮಡಿಕೇರಿಯ ಮನೆಯಲ್ಲೇ ಕೂತು, ಎಂಎಸ್ಸಿಗೆ ಅರ್ಜಿ ಹಾಕುವ ಮಕ್ಕಳ ಎಸ್‌ಒಪಿ ಓದಿ ಕೊಡುತ್ತೇನೆ. ಈ ಕೋರ್ಸೇ ಯಾಕೆ, ನೀವೇ ಯಾಕೆ ಅಂತ ವಿವರಿಸುವ ಎರಡು ಪುಟದ ಬರಹ ಅದು. ಓದುವಾಗ ರೆಸ್ಯೂಮೆಯನ್ನೂ ಪಕ್ಕದಲ್ಲಿಟ್ಟುಕೊಳ್ಳುತ್ತೇನೆ. ಅಲ್ಲಿದ್ದ ಮಾತು ಇಲ್ಲೂ ಬಂದರೆ ಪೆನ್ಸಿಲ್‌ನಲ್ಲಿ ಗೆರೆ ಹೊಡೆಯುತ್ತೇನೆ.

ಈ ಸಲ ಕಾಫಿ ತೋಟದ ಮನೆಯ ಹುಡುಗಿಯೊಬ್ಬಳು ಬಂದಿದ್ದಳು. ಅಗ್ರಿ ಬಿಎಸ್ಸಿ ಮುಗಿಸಿ, ನೆದರ್ಲೆಂಡ್ಸ್‌ನ ವಾಗನಿಂಗನ್‌ನಲ್ಲಿ ಕೀಟಗಳ ಬಗ್ಗೆ ಓದಬೇಕು ಅಂತ ಆಸೆ. ಮೊದಲ ಸಾಲು 'ಚಿಕ್ಕಂದಿನಿಂದಲೂ ಗಿಡಗಳೆಂದರೆ ನನಗೆ ಪ್ರಾಣ.' ಆಮೇಲೆ ಅಂಕ, ಬಹುಮಾನ, ಸೆಮಿನಾರ್. ಗೆರೆ ಹೊಡೆಯುತ್ತಾ ಹೋದೆ. ಎರಡು ಪುಟದಲ್ಲಿ ಅರ್ಧ ಪುಟವೂ ಉಳಿಯಲಿಲ್ಲ.

"ಸಾರ್, ಸಿಜಿಪಿಎ ಕೂಡ ತೆಗೀಬೇಕಾ?" ಅಂದಳು.

"ರೆಸ್ಯೂಮೆಯಲ್ಲಿ ಇದೆಯಲ್ಲ ಮಗಾ."

ಎಲ್ಲವನ್ನೂ ತೆಗೆಯಬೇಕು ಅಂತೇನಿಲ್ಲ. ಒಂದು ಸೆಮಿಸ್ಟರಿನಲ್ಲಿ ಅಂಕ ಬಿದ್ದಿದ್ದರೆ ಯಾಕೆ ಬಿತ್ತು ಅಂತ ಎರಡು ಸಾಲು ಇರಲಿ. ಆ ಕಾರಣ ರೆಸ್ಯೂಮೆಯಲ್ಲಿ ಸಿಗುವುದಿಲ್ಲ. ಹಿಂದೊಮ್ಮೆ ಒಬ್ಬ ಹುಡುಗ ಅಂಥ ಸಾಲು ಬರೆದಿದ್ದ, ನಾನು ಸುಮ್ನೆ ಹೊಡೆದುಹಾಕಿಬಿಟ್ಟಿದ್ದೆ. ತಪ್ಪು ನನ್ನದೇ.

ಉಳಿದ ಸಾಲುಗಳಲ್ಲಿ ಒಂದು ನನ್ನನ್ನು ತಡೆಯಿತು. 'ಅರೇಬಿಕಾ ಕಾಫಿಯಲ್ಲಿ ಬಿಳಿ ಕಾಂಡಕೊರಕ ಹುಳದ ಬಗ್ಗೆ ಮೂರು ತಿಂಗಳ ಪ್ರಾಜೆಕ್ಟ್ ಮಾಡಿದ್ದೇನೆ.' ಇದೂ ರೆಸ್ಯೂಮೆಯದ್ದೇ, ಆದರೆ ಇದರೊಳಗೆ ಏನೋ ಇದೆ ಅನ್ನಿಸಿತು. ಆ ಮೂರು ತಿಂಗಳು ದಿನಾ ಏನು ಮಾಡುತ್ತಿದ್ದೆ ಅಂತ ಕೇಳಿದೆ.

ಮಾತು ಹೊರಟಿತು. ಗಿಡದಿಂದ ಗಿಡಕ್ಕೆ ಹೋಗಿ ಕಾಂಡದ ಮೇಲೆ ಉಬ್ಬಿದ ಗೆರೆ ಇದೆಯಾ ಅಂತ ಕೈಯಾಡಿಸಿ ನೋಡುತ್ತಿದ್ದಳಂತೆ. ಹುಳ ಹಿಡಿದ ಗಿಡಕ್ಕೆ ಬಣ್ಣದ ದಾರ ಕಟ್ಟಿಸಿ, ಆಮೇಲೆ ಅವನ್ನು ಕೀಳಿಸಿ ಸುಡಿಸಿದ್ದರು. ನೆರಳಿನ ಮರ ಕಡಿದ ಕಡೆ ದಾರ ಜಾಸ್ತಿ. ಅದು ನಮ್ಮಲ್ಲಿ ಯಾವ ತೋಟದವರಿಗೂ ಗೊತ್ತು, ಬಿಸಿಲು ಬಿದ್ದರೆ ಕೊರಕ ಹೆಚ್ಚು. ಆದರೆ ಒಳ್ಳೇ ನೆರಳಿದ್ದ ಒಂದು ಮೂಲೆಯಲ್ಲೂ ದಾರ ಹೆಚ್ಚಿತ್ತಂತೆ. ಅಲ್ಲಿಯವು ಹಳೇ ಗಿಡಗಳು. ಗಿಡದ ವಯಸ್ಸು ಕಾರಣವೋ, ಪಕ್ಕದ ಪಾಳು ತೋಟದಿಂದ ಹುಳ ಬರುತ್ತಿತ್ತೋ, ಅವಳಿಗೆ ಬಿಡಿಸಲಾಗಲಿಲ್ಲ.

"ಇದನ್ನು ಯಾಕೆ ಬರೆದಿಲ್ಲ?"

"ಉತ್ತರ ಸಿಗಲಿಲ್ಲ ಅಲ್ವಾ ಸಾರ್, ಅದಕ್ಕೆ."

ಅರ್ಜಿ ಓದುವವರು ಹುಡುಕುವುದು ಅದನ್ನೇ. ಗಿಡ ಪ್ರಾಣ ಅಂತ ಯಾರು ಬೇಕಾದರೂ ಬರೆಯಬಹುದು. ಆ ಮೂಲೆಯ ಪ್ರಶ್ನೆ ಇವಳೊಬ್ಬಳದ್ದು.

ಕೊನೆಯ ಪ್ಯಾರಾದಲ್ಲಿ 'ನಿಮ್ಮ ವಿಶ್ವವಿಖ್ಯಾತ ವಿಶ್ವವಿದ್ಯಾಲಯ' ಅಂತಿತ್ತು. ವಾಗನಿಂಗನ್ ಅಂತಿದ್ದಲ್ಲಿ ಬೇರೆ ಊರಿನ ಹೆಸರು ಹಾಕಿ ಓದಿಸಿದೆ. ಒಂದಕ್ಷರವೂ ಕೆಡಲಿಲ್ಲ. ಅವಳೇ ನಕ್ಕಳು.

ತಿದ್ದಿ ಬರೆಯುವ ಕೆಲಸ ನಾನು ಮಾಡುವುದಿಲ್ಲ. ವಾರ ಬಿಟ್ಟು ತಂದಳು. ದಾರದ ಕಥೆ ಮೊದಲಿಗೆ ಬಂದಿತ್ತು. ಕೀಟ ಒಂದು ತೋಟದಿಂದ ಇನ್ನೊಂದಕ್ಕೆ ಹೇಗೆ ಹರಡುತ್ತದೆ ಅನ್ನುವುದನ್ನು ಕಲಿಸುವ ಕೋರ್ಸ್ ಯಾವುದು, ತನಗದು ಯಾಕೆ ಬೇಕು ಅಂತ ನಾಲ್ಕು ಸಾಲು ಕೊನೆಗೆ. ಒಂದೂವರೆ ಪುಟವಷ್ಟೇ. ಪೆನ್ಸಿಲ್ ಹಿಡಿದು ಕೂತೆ, ಈ ಸಲ ಎರಡೇ ಕಡೆ ಗೆರೆ ಬಿತ್ತು.