ನೋ ಕಾಸ್ಟ್ ಇಎಂಐ: 24,000 ರೂಪಾಯಿಯ ಫೋನಿಗೆ ನಾನು ಕೊಟ್ಟದ್ದೆಷ್ಟು

ಕಳೆದ ದಸರಾ ಸಮಯದಲ್ಲಿ 24,000 ರೂಪಾಯಿಯ ಫೋನೊಂದನ್ನು ನನ್ನ ಕ್ರೆಡಿಟ್ ಕಾರ್ಡಿನ ಮೇಲೆ ಆರು ತಿಂಗಳ ನೋ ಕಾಸ್ಟ್ ಇಎಂಐಯಲ್ಲಿ ಕೊಂಡೆ. ತಿಂಗಳಿಗೆ 4,000 ರೂಪಾಯಿಯಂತೆ ಆರು ಕಂತು ಎಂದು ಅಂಗಡಿಯವರು ಹೇಳಿದ್ದರು. ಆದರೆ ಮೊದಲ ತಿಂಗಳ ಸ್ಟೇಟ್‌ಮೆಂಟಿನಲ್ಲಿ ಸುಮಾರು 4,287 ರೂಪಾಯಿ ಬಂದಿತ್ತು. ಹೆಚ್ಚುವರಿ 287 ರೂಪಾಯಿ ಎಲ್ಲಿಂದ ಬಂತೆಂದು ಹುಡುಕುತ್ತಾ ಹೋದಾಗಲೇ ಈ ವ್ಯವಸ್ಥೆ ನನಗೆ ಅರ್ಥವಾದದ್ದು.

ಬ್ಯಾಂಕು ಬಡ್ಡಿಯನ್ನು ಬಿಟ್ಟುಕೊಟ್ಟಿರಲಿಲ್ಲ. ವರ್ಷಕ್ಕೆ ಶೇ. 15ರ ದರದಲ್ಲಿ ಆರು ತಿಂಗಳಿಗೆ ಆಗುವ 1,016 ರೂಪಾಯಿ ಬಡ್ಡಿಯನ್ನು ಮಾರಾಟಗಾರರು ಮೊದಲೇ ರಿಯಾಯಿತಿಯಾಗಿ ಕಳೆದಿದ್ದರಿಂದ ನನ್ನ ಹೆಸರಿನಲ್ಲಿ 22,984 ರೂಪಾಯಿಯ ಸಾಲ ದಾಖಲಾಗಿತ್ತು. ಅದರ ಮೇಲೆ ಬಡ್ಡಿ ಸೇರಿ ಕಂತುಗಳ ಮೊತ್ತ ಮತ್ತೆ 24,000 ಆಗುತ್ತಿತ್ತು. ಬಡ್ಡಿ ಎಂಬುದು ಲೆಕ್ಕದಲ್ಲಿ ಇದ್ದೇ ಇರುವುದರಿಂದ ಅದರ ಮೇಲೆ ಶೇ. 18ರ ಜಿಎಸ್‌ಟಿ ಬೀಳುತ್ತದೆ, ಮತ್ತು ಆ ತೆರಿಗೆಯನ್ನು ರಿಯಾಯಿತಿ ತುಂಬಿಕೊಡಲಿಲ್ಲ. ಆರು ತಿಂಗಳಿಗೆ ಅದು 183 ರೂಪಾಯಿ. ಜೊತೆಗೆ 199 ರೂಪಾಯಿಯ ಸಂಸ್ಕರಣಾ ಶುಲ್ಕ, ಅದರ ಜಿಎಸ್‌ಟಿ ಸೇರಿ 235. ಈ 235 ಮತ್ತು ಮೊದಲ ತಿಂಗಳ ಬಡ್ಡಿಯ ಮೇಲಿನ 52 ರೂಪಾಯಿ ಜಿಎಸ್‌ಟಿ ಸೇರಿಯೇ ಆ 287 ಆಗಿತ್ತು. ಹೀಗೆ ನಾನು ಒಟ್ಟು ಕೊಟ್ಟದ್ದು 24,418 ರೂಪಾಯಿ. ಶೂನ್ಯ ಬಡ್ಡಿ ಎಂಬುದೇ ಇಲ್ಲವೆಂದು ಭಾರತೀಯ ರಿಸರ್ವ್ ಬ್ಯಾಂಕ್ 2013ರ ಸೆಪ್ಟೆಂಬರಿನಲ್ಲೇ ಬ್ಯಾಂಕುಗಳಿಗೆ ಬರೆದಿತ್ತು.

ಆದರೂ 418 ರೂಪಾಯಿ ದೊಡ್ಡ ನಷ್ಟವಲ್ಲ. ನನಗೆ ನಿಜವಾಗಿ ನೋವಾದದ್ದು ಸ್ಟೇಟ್‌ಮೆಂಟಿನಲ್ಲಿ ಎಲ್ಲೂ ಕಾಣದ ಇನ್ನೊಂದು ವೆಚ್ಚದಿಂದ. ಅದೇ ಕಾರ್ಡಿನಲ್ಲಿ ಒಂದೇ ಬಾರಿಗೆ ಹಣ ಕೊಟ್ಟವರಿಗೆ 1,500 ರೂಪಾಯಿ ಕಡಿತವಿತ್ತು. ಇಎಂಐ ಆರಿಸಿದವರಿಗೆ ಅದು ಇರಲಿಲ್ಲ. ಅಂದರೆ ಆ ದಿನ ಫೋನಿನ ನಿಜವಾದ ಬೆಲೆ 22,500 ರೂಪಾಯಿ, ನಾನು ಕೊಟ್ಟದ್ದು ಅದಕ್ಕಿಂತ 1,918 ಹೆಚ್ಚು. ತಿಂಗಳು ತಿಂಗಳೂ ಅಸಲು ಕರಗುತ್ತಾ ಹೋಗುವುದನ್ನು ಗಣನೆಗೆ ತೆಗೆದುಕೊಂಡರೆ, ಇದು ವರ್ಷಕ್ಕೆ ಸುಮಾರು ಶೇ. 29ರ ಬಡ್ಡಿಗೆ ಸಾಲ ಪಡೆದಂತೆ.

ಈಗ ನಾನು ಕಾಗದದ ಮೇಲೆ ಎರಡೇ ಮೊತ್ತ ಬರೆಯುತ್ತೇನೆ. ಒಂದು, ಎಲ್ಲ ಕಡಿತಗಳ ನಂತರ ಇಂದೇ ಪೂರ್ತಿ ಕೊಟ್ಟರೆ ಆಗುವ ಬೆಲೆ. ಇದನ್ನು ಜಾಹೀರಾತಿನಿಂದಲ್ಲ, ಪಾವತಿಯ ಕೊನೆಯ ಪುಟದಿಂದ ಅಥವಾ ಅಂಗಡಿಯವರನ್ನು ನೇರವಾಗಿ ಕೇಳಿ ತಿಳಿಯಬೇಕು. ಇನ್ನೊಂದು, ಎಲ್ಲ ಕಂತುಗಳು, ಬಡ್ಡಿಯ ಮೇಲಿನ ಜಿಎಸ್‌ಟಿ ಮತ್ತು ಸಂಸ್ಕರಣಾ ಶುಲ್ಕ ಸೇರಿದ ಮೊತ್ತ. ಕಾರ್ಡಿನ ರಿವಾರ್ಡ್ ಪಾಯಿಂಟುಗಳು ಇಎಂಐಗೆ ಸಿಗದಿದ್ದರೆ ಅವುಗಳ ಬೆಲೆಯನ್ನೂ ಎರಡನೆಯದಕ್ಕೆ ಸೇರಿಸುತ್ತೇನೆ. ಹಣವನ್ನು ಉಳಿತಾಯ ಖಾತೆಯಲ್ಲೇ ಇಟ್ಟು ಕಂತು ಕಟ್ಟುವುದರಿಂದ ಸಿಗುವ ಬಡ್ಡಿಯನ್ನು ಅದರಿಂದ ಕಳೆಯುತ್ತೇನೆ. 24,000 ರೂಪಾಯಿಗೆ ವರ್ಷಕ್ಕೆ ಶೇ. 3ರಂತೆ ಸಿಕ್ಕರೂ, ಕಂತು ಕಟ್ಟಿದಂತೆ ಖಾತೆಯ ಹಣ ಕರಗುವುದರಿಂದ ಅದು ಆರು ತಿಂಗಳಲ್ಲಿ 210 ರೂಪಾಯಿಯಷ್ಟೇ. ಪೂರ್ತಿ ಕೊಟ್ಟರೂ ಕಡಿತವಿಲ್ಲ, ಸಂಸ್ಕರಣಾ ಶುಲ್ಕವೂ ಇಲ್ಲ ಎಂಬಂಥ ಕೊಡುಗೆಯಲ್ಲಿ ಈ 210 ರೂಪಾಯಿ 183ರ ಜಿಎಸ್‌ಟಿಯನ್ನು ಮೀರುತ್ತದೆ, ಅಲ್ಲಿ ಇಎಂಐಯಿಂದ ನಷ್ಟವಿಲ್ಲ. ನನ್ನ ಫೋನಿನ ವಿಷಯದಲ್ಲಿ ಹಾಗಿರಲಿಲ್ಲ. 22,500 ರೂಪಾಯಿ ಅಂದು ನನ್ನ ಖಾತೆಯಲ್ಲೇ ಇತ್ತು.